ಅರ್ಧ ಸಾಲಿನ ಜಾಡು

ಆರಿದ್ರಾ ಮಳೆ ಹಿಡಿದ ಮೇಲೆ ಸಾಗರದ ಆಚೆಯ ತೋಟದ ಮನೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮನೆಗೊಂದೇ ಜಾಗದಲ್ಲಿ. ದೊಡ್ಡಮ್ಮನ ಮನೆಯಲ್ಲಿ ಅದು ಜಗಲಿಯ ಮೂಡು ತುದಿಯ ಕಂಬದ ಪಕ್ಕ. ಅಂಗಳಕ್ಕೆ ಬರುವ ಮಡಿವಾಳ ಹಕ್ಕಿಯನ್ನು ನೋಡಲೆಂದು ನಾನು ಕೂರುವುದೂ ಅಲ್ಲೇ. ಹಾಗಾಗಿ ಎಪ್ಪತ್ತು ದಾಟಿದ ಕೈಯೊಂದು ಫೋನಿನ ಮೇಲೆ ಹೇಗೆ ಓಡಾಡುತ್ತದೆ ಅನ್ನುವುದನ್ನೂ ಹತ್ತಿರದಿಂದ ಗಮನಿಸಲು ಸಿಕ್ಕಿದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳಿಗೆ ಆ ಕೈ ಕಾಣುವುದಿಲ್ಲ. ಅವರಿಗೆ ತಲುಪುವುದು ಇಷ್ಟು: “ಕೊನೆಗೌಡ ಬಂದಿದ್ದ ಮೈಲುತುತ್ತು”. ಮುಂದೆ ಏನೂ ಇಲ್ಲ.

ಸಾಲು ತುಂಡಾಗುವುದು ಹೇಗೆ ಅಂತ ನೋಡಿ. ವಾಟ್ಸಾಪಿನಲ್ಲಿ ಬರೆಯುವ ಜಾಗ ಖಾಲಿ ಇದ್ದಾಗ ಅದರ ಬಲಕ್ಕಿರುವ ಹಸಿರು ಗುಂಡಿ ಮೈಕು. ಒಂದು ಅಕ್ಷರ ಮೂಡಿತೋ, ಅದೇ ಗುಂಡಿ ಕಳಿಸುವ ಬಾಣವಾಗಿಬಿಡುತ್ತದೆ. ದೊಡ್ಡಮ್ಮ ಎರಡು ಪದ ಕುಟ್ಟಿ, ಒತ್ತಕ್ಷರ ಬಂದಲ್ಲಿ ಸಾಕಾಗಿ, ಉಳಿದದ್ದನ್ನು ಬಾಯಲ್ಲೇ ಹೇಳಿಬಿಡೋಣ ಅಂತ ಮೈಕಿಗೆ ಬೆರಳು ಹಾಕುತ್ತಾರೆ. ಅಲ್ಲಿ ಈಗ ಮೈಕಿಲ್ಲ, ಬಾಣವಿದೆ. ಅವರ ಫೋನಿನ ಕೀಲಿಮಣೆಗೂ ಒಂದು ಸ್ವಂತ ಮೈಕಿದೆ, ಅಕ್ಷರಗಳ ಮೇಲಿನ ಪಟ್ಟಿಯ ಬಲತುದಿಯಲ್ಲಿ, ಸರಿಯಾಗಿ ಬಾಣದ ಕೆಳಗೆ. ಕನ್ನಡಕದ ಕೆಳಗಾಜಿನಿಂದ ನೋಡುತ್ತ, ಅಡಿಕೆ ಸುಲಿದು ಒರಟಾದ ತೋರುಬೆರಳನ್ನು ಆ ಮೈಕಿನ ಮೇಲೆ ಇಳಿಸುವಾಗ ಬೆರಳು ಒಂದಿಷ್ಟು ಮೇಲೆ ಬಿದ್ದರೂ ಸಾಕು, ಸಾಲು ಹೋಯಿತು. ಹೋದದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಬರೆಯುವ ಜಾಗ ಖಾಲಿಯಾದದ್ದನ್ನು ಕಂಡು “ಅಳಿಸಿ ಹೋಯ್ತು” ಅನ್ನುತ್ತಾರೆ, ಅಷ್ಟೇ.

ಕನ್ನಡದಲ್ಲಿ ಇದರ ಪೆಟ್ಟು ಜೋರು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ, ತುಂಡಾಗಿ ಬೀಳುವುದೂ ಕೊನೆಯೇ. ಯಾರು, ಎಲ್ಲಿಗೆ, ಏನು ಎಂಬುದೆಲ್ಲ ಬಂದಿರುತ್ತದೆ. ಆಯಿತೋ ಆಗಬೇಕೋ, ಬೇಕೋ ಬೇಡವೋ ಎಂಬುದು ಮಾತ್ರ ಇರುವುದಿಲ್ಲ. ಓದಿದವರು ಅಲ್ಲಿಗೆ ತಮ್ಮ ತಮ್ಮ ಕ್ರಿಯಾಪದ ಅಂಟಿಸಿಕೊಳ್ಳುತ್ತಾರೆ.

ಮೈಲುತುತ್ತಿನ ದಿನ ಆದದ್ದೂ ಅದೇ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹೊಳವಾದ ದಿನ ಕೊನೆಗೌಡ ಮರ ಹತ್ತದಿದ್ದರೆ ಮತ್ತೆ ಯಾವಾಗಲೋ. ಮನೆಯ ಗುಂಪಿನಲ್ಲಿ ಆ ಅರ್ಧ ಸಾಲು ಬಿದ್ದದ್ದೇ, ದೊಡ್ಡ ಮಗ ಮೈಲುತುತ್ತು ಮುಗಿದಿದೆ ಅಂದುಕೊಂಡು ಸಾಗರದ ಅಂಗಡಿಗೆ ಫೋನ್ ಮಾಡಿ ಐದು ಕಿಲೋ ಹೇಳಿದ. ಸೊಸೆ “ಏನತ್ತೆ?” ಅಂತ ಬರೆದಳು. ಮಗಳು “ಕಣ್ಣಿಗೆ ಬಿತ್ತಾ?” ಅಂತ ಗಾಬರಿಯಾಗಿ ನೇರ ಫೋನೇ ಮಾಡಿದಳು. ಆ ಹೊತ್ತಿಗೆ ದೊಡ್ಡಮ್ಮ ಕಂಬಕ್ಕೆ ಒರಗಿ ಉಳಿದರ್ಧವನ್ನು ಬರೆಯಲು ಶುರುಮಾಡಿದ್ದರು. ಕರೆ ಬಂದು ಪರದೆ ಮುಚ್ಚಿತು. ಸಿಗ್ನಲ್ ಹೋಗಿ ಕರೆ ಕಟ್ಟಾಯಿತು. ಅಷ್ಟರಲ್ಲಿ ಭಜನಾ ಮಂಡಳಿಯ ಗುಂಪಿಗೆ ಯಾರೋ ಏನೋ ಹಾಕಿ, ಆ ಗುಂಪು ಪಟ್ಟಿಯ ನೆತ್ತಿಗೆ ಬಂದಿತ್ತು. ದೊಡ್ಡಮ್ಮ ಯಾವತ್ತೂ ಒತ್ತುವುದು ಮೇಲಿನದನ್ನೇ. “ಸಾಕಂತೆ ಸುಣ್ಣ ತರ್ಬೇಕಂತೆ” ಎಂಬ ಬಾಲ ಭಜನಾ ಮಂಡಳಿಗೆ ಹೋಯಿತು. ಅಲ್ಲಿ ಒಬ್ಬರು ಕೈ ಮುಗಿದ ಚಿತ್ರವನ್ನೂ ಹಾಕಿದರು.

ಸುಣ್ಣ ಸಂಜೆಯಾದರೂ ಬರಲಿಲ್ಲ, ಮೈಲುತುತ್ತು ಮಾತ್ರ ಐದು ಕಿಲೋ ಬಂತು.

ಹಕ್ಕಿ ನೋಡುವವರು ಮೊದಲು ಕಲಿಯುವುದು ಅದರ ದಿನಚರಿಯನ್ನು. ಇಲ್ಲೂ ಅದೇ ಆಗಬೇಕು. ನಿಮ್ಮ ಮನೆಯ ಹಿರಿಯರ ಹಳೆಯ ಸಂದೇಶಗಳನ್ನು ಒಮ್ಮೆ ಹಿಂದಕ್ಕೆ ಸರಿಸಿ ನೋಡಿ; ಒಂದು ತುಂಡಿಗೂ ಅದರ ಮುಂದಿನ ತುಂಡಿಗೂ ನಡುವೆ ಎಷ್ಟು ಹೊತ್ತಿದೆ ಎಂಬುದು ಪಕ್ಕದಲ್ಲೇ ನಮೂದಾಗಿರುತ್ತದೆ. ದೊಡ್ಡಮ್ಮನದು ಸಾಮಾನ್ಯವಾಗಿ ನಾಲ್ಕೈದು ನಿಮಿಷ. ಕುಕ್ಕರ್ ಕೂಗಿದರೆ ಹತ್ತು. ಆ ಹೊತ್ತು ಕಳೆಯುವ ತನಕ ಕರೆ ಮಾಡಬಾರದು. ಹೆಸರಿನ ಕೆಳಗೆ typing… ಅಂತ ಕಾಣುತ್ತಿದ್ದರಂತೂ ಮಾಡಲೇಬಾರದು. ಅದು ಮಾಯವಾಯಿತು ಅಂದರೆ ಬರೆದು ಮುಗಿಯಿತು ಅಂತಲೂ ಅಲ್ಲ. ಬೆರಳು ಕೆಲವು ಸೆಕೆಂಡು ನಿಂತರೂ ಅದು ಹೋಗುತ್ತದೆ, ಮತ್ತು ಈ ವಯಸ್ಸಿನಲ್ಲಿ ‘ತ್ತು’ ಹುಡುಕಲು ಕೆಲವು ಸೆಕೆಂಡು ಸಾಲುವುದಿಲ್ಲ.

ಕಾದದ್ದಾಯಿತು, ಬಾಲ ಬರಲಿಲ್ಲ ಅನ್ನಿ. ಆಗ “ಏನು?”, “ಅರ್ಥ ಆಗ್ಲಿಲ್ಲ” ಅಂತ ಬರೆಯುವುದು ನನಗೆ ಕಂಡಂತೆ ಅತಿ ಕೆಟ್ಟ ಉತ್ತರ. ಅದು ಇಡೀ ಸಾಲನ್ನು ಮೊದಲಿಂದ ಬರೆಸುತ್ತದೆ, ಮತ್ತೆ ಅಲ್ಲೇ ತುಂಡಾಗುತ್ತದೆ. ಅವರ ಅರ್ಧ ಸಾಲನ್ನೇ ಬಲಕ್ಕೆ ಎಳೆಯಿರಿ. ಅದು ನಿಮ್ಮ ಉತ್ತರದ ಮೇಲೆ ಕೂತುಕೊಳ್ಳುತ್ತದೆ, ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದು ಅವರಿಗೂ ಕಾಣುತ್ತದೆ. ಕೆಳಗೆ ಒಂದೇ ಪ್ರಶ್ನೆ, ಒಂದೆರಡು ಪದದಲ್ಲಿ ಉತ್ತರಿಸಬಹುದಾದದ್ದು: “ದೊಡ್ಡಮ್ಮ, ಮೈಲುತುತ್ತು ಇದೆಯಾ, ತರ್ಬೇಕಾ?” “ತರ್ಬೇಕಲ್ವಾ?” ಅಂತ ಮಾತ್ರ ಕೇಳಬೇಡಿ. ಮಗ ಕೇಳುತ್ತಿದ್ದಾನಲ್ಲ, ಬೇಸರ ಯಾಕೆ ಅಂತ “ಹೂಂ” ಅಂದುಬಿಡುವ ತಲೆಮಾರು ಅದು. ಗುಂಪಿನಲ್ಲಿ ಒಬ್ಬರೇ ಕೇಳಲಿ, ಉಳಿದವರು ಸುಮ್ಮನಿರಲಿ. ಸುಮ್ಮನಿರುವುದೇ ಕಷ್ಟದ ಕೆಲಸ, ಅದು ನನಗೂ ಗೊತ್ತು.

ಊರಿಗೆ ಹೋದಾಗ ಮಾಡಬಹುದಾದ ರಿಪೇರಿ ಒಂದಿದೆ. ಆಂಡ್ರಾಯ್ಡ್ ಫೋನಾದರೆ ವಾಟ್ಸಾಪಿನ Settings, ಅದರಲ್ಲಿ Chats, ಅಲ್ಲಿ Enter is send. ಅದು ಚಾಲೂ ಇದ್ದರೆ ಕೀಲಿಮಣೆಯ ಮೂಲೆಯ ಗುಂಡಿಯೂ ಸಾಲನ್ನು ಕಳಿಸಿಬಿಡುತ್ತದೆ. ಬಂದ್ ಮಾಡಿದರೆ ಅದು ಬರೀ ಕೆಳಗಿನ ಸಾಲಿಗೆ ಇಳಿಸುತ್ತದೆ. ಹಸಿರು ಬಾಣವನ್ನು ಮಾತ್ರ ಕದಲಿಸಲು ಬರುವುದಿಲ್ಲ. ಬರೆಯಲು ಶುರುಮಾಡುವ ಮೊದಲೇ ಮೈಕು ಒತ್ತುವ ಅಭ್ಯಾಸ ಮಾಡಿಸಿದರೆ ತುಂಡುಗಳು ಕಡಿಮೆಯಾಗುತ್ತವೆ. ದೊಡ್ಡಮ್ಮ ಒಂದು ವಾರ ಹಾಗೆ ಮಾಡಿ, ತನ್ನ ದನಿ ತನಗೇ ಕೇಳಲಾಗದೆ ಬಿಟ್ಟರು.

ಕಾಯಬಾರದ ಅರ್ಧ ಸಾಲೂ ಒಂದಿದೆ. ದಿನದ ರೂಢಿ ಗೊತ್ತಿದ್ದವರಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ದೊಡ್ಡಮ್ಮನ ತುಂಡು ಸಾಲಿನಲ್ಲಿ ಇರುವಷ್ಟು ಪದಗಳು ಸರಿಯಾಗಿರುತ್ತವೆ, ತುದಿ ಮಾತ್ರ ಇರುವುದಿಲ್ಲ. ಯಾವತ್ತೂ ಸರಿಯಾಗಿ ಬರೆಯುವವರಿಂದ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಪದಗಳು ಸಾಲಾಗಿ ಬಂದರೆ, ಕೇಳಿದ ಸುಲಭದ ಪ್ರಶ್ನೆಗೂ ಸಂಬಂಧವೇ ಇಲ್ಲದ ಉತ್ತರ ಬಂದರೆ, ಅದು ಬೆರಳಿನ ದೋಷ ಆಗಿರಲಾರದು. ಪಾರ್ಶ್ವವಾಯು ಬಡಿದಾಗ ಮಿದುಳಿನ ಭಾಷೆಯ ಭಾಗ ಕೆಟ್ಟು ಮಾತಿನ ಹಾಗೆ ಬರಹವೂ ಕಲಸಿಹೋಗಬಹುದು. ಕೂಡಲೇ ವಿಡಿಯೋ ಕರೆ ಮಾಡಿ. ನಗಲು ಹೇಳಿ, ಎರಡೂ ಕೈ ಎತ್ತಿಸಿ, ಒಂದು ವಾಕ್ಯ ಹೇಳಿಸಿ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಜಾರಿದರೆ, ಮಾತು ತೊದಲಿದರೆ 108ಕ್ಕೂ ನೆರೆಮನೆಗೂ ಫೋನ್ ಮಾಡಿ. ಕರೆ ತೆಗೆಯದಿದ್ದರೆ ನೆರೆಯವರನ್ನು ಮೊದಲು ಮನೆಗೆ ಕಳಿಸಿ. ಹೋಗುವುದು ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಆಗಲಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ತೊಂದರೆ ಶುರುವಾದದ್ದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ, ಆ ಲೆಕ್ಕ ಶುರುವಾಗುವುದು ನೀವು ಗಮನಿಸಿದ ಹೊತ್ತಿನಿಂದಲ್ಲ, ಅವರು ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ಡಾಕ್ಟರು ಮೊದಲು ಕೇಳುವುದೂ ಅದನ್ನೇ. ಕೊನೆಯ ಸರಿಯಾದ ಸಂದೇಶದ ಪಕ್ಕದಲ್ಲಿ ಗಂಟೆ ನಿಮಿಷ ಬರೆದಿರುತ್ತದೆ. ಅದನ್ನು ಆಂಬುಲೆನ್ಸಿನಲ್ಲಿ ಜೊತೆ ಹೋಗುವವರಿಗೆ ಓದಿ ಹೇಳಿ.