ಲ್ಯಾಪ್‌ಟಾಪ್ ಬಸ್ಸಲ್ಲಿ ಬಿಟ್ಟರೆ ಯಾರಿಗೆ ಫೋನ್ ಮಾಡಬೇಕು?

ಜಯನಗರದಲ್ಲಿ 12 ಜನರ ಒಂದು ಸಾಫ್ಟ್‌ವೇರ್ ಕಂಪನಿ ಇದೆ ಅಂತ ಇಟ್ಟುಕೊಳ್ಳೋಣ. ವಾರಕ್ಕೆ ಎರಡು ದಿನ ಆಫೀಸು, ಉಳಿದದ್ದು ವರ್ಕ್ ಫ್ರಮ್ ಹೋಮ್. ಶುಕ್ರವಾರ ರಾತ್ರಿ 9 ಗಂಟೆಗೆ ಅಲ್ಲಿನ ಒಬ್ಬರು ಬನಶಂಕರಿಯಲ್ಲಿ ಬಸ್ ಇಳಿದಾಗ ಲ್ಯಾಪ್‌ಟಾಪ್ ಬಸ್ಸಲ್ಲೇ ಉಳಿದುಹೋಯಿತು. ಅದರಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಇರೋ ಫೈಲ್ ಇದೆ. ಕಂಪನಿಯ ಪಾಲಿಸಿ ಸರಿಯಾಗಿದೆಯಾ ಅಂತ ಗೊತ್ತಾಗೋದು ಇಂಥ ರಾತ್ರಿಯಲ್ಲೇ. ಎರಡು ಪುಟ ಸಾಕು, ಆದರೆ ನಾಲ್ಕು ವಿಷಯ ಅದರಲ್ಲಿ ಇರಲೇಬೇಕು.

ಮೊದಲನೆಯದು, ಯಾರಿಗೆ ಅವಕಾಶ. "ಮ್ಯಾನೇಜರ್ ಒಪ್ಪಿದರೆ" ಅಂತ ಮಾತ್ರ ಬರೆದರೆ ಜಗಳ ಶುರು. ವ್ಯಕ್ತಿಯನ್ನಲ್ಲ, ಕೆಲಸವನ್ನು ನೋಡಿ ನಿರ್ಧರಿಸಬೇಕು. ಕೋಡ್ ಬರೆಯೋರಿಗೆ ಹೌದು, ಆಫೀಸಿನ ಟೆಸ್ಟ್ ಬೋರ್ಡ್ ಮುಟ್ಟಲೇಬೇಕಾದವರಿಗೆ ಇಲ್ಲ. ಗ್ರಾಹಕರ ಡೇಟಾ ಇರೋ ಕೆಲಸವನ್ನು ಕೆಫೆಯಲ್ಲಿ ಮಾಡಬಾರದು ಅನ್ನೋದೂ ಇಲ್ಲೇ ಬರಬೇಕು.

ಎರಡನೆಯದು ಸಮಯ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಸಾಮಾನ್ಯ ಕೆಲಸದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮನೆಯಲ್ಲಿದ್ದಾರೆ ಅಂತ ದಿನವಿಡೀ ಕೆಲಸ ಹೇಳೋಕಾಗಲ್ಲ. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಎಲ್ಲರೂ ಸಿಗಬೇಕು, ಉಳಿದ ಗಂಟೆಗಳನ್ನು ಅವರವರೇ ಹೊಂದಿಸಿಕೊಳ್ಳಲಿ. ಸಂಜೆ 7ರ ನಂತರದ ಮೆಸೇಜಿಗೆ ಮರುದಿನ ಉತ್ತರ ಕೊಟ್ಟರೆ ಸಾಕು. ತುರ್ತು ಇದ್ದರೆ ಮೆಸೇಜ್ ಅಲ್ಲ, ಫೋನ್. ಯಾವ ನಂಬರಿಗೆ ಅನ್ನೋದನ್ನೂ ಬರೆದಿಡಬೇಕು.

ಮೂರನೆಯದು ಸಲಕರಣೆ. ಲ್ಯಾಪ್‌ಟಾಪ್ ಕಂಪನಿಯದ್ದೇ ಆಗಿರೋದು ಒಳ್ಳೇದು. ಸ್ವಂತದ್ದಾದರೆ, ಕಳೆದಾಗ ದೂರದಿಂದ ಅಳಿಸೋಕೆ ಹೋದರೆ ಮನೆಯವರ ಫೋಟೋಗಳೂ ಹೋಗಬಹುದು. ಕೊಡುವಾಗ ಸೀರಿಯಲ್ ನಂಬರ್ ಬರೆದು ಸಹಿ ತಗೊಂಡರೆ, ಪೊಲೀಸ್ ದೂರು ಕೊಡುವಾಗ ಹುಡುಕಾಡಬೇಕಿಲ್ಲ.

ನಾಲ್ಕನೆಯದು ಡೇಟಾ ಸುರಕ್ಷತೆ. ಲಾಗಿನ್ ಪಾಸ್‌ವರ್ಡ್ ಒಂದೇ ಸಾಲದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್ ಓದಬಹುದು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಸ್ಥಿತಿ ನೋಡೋಕೆ ಅಡ್ಮಿನ್ ಆಗಿ ಇದನ್ನು ಓಡಿಸಿ:

```
manage-bde -status C:
```

ಇಲ್ಲಿ ಒಂದು ಮೋಸ ಇದೆ. `Percentage Encrypted` 100% ಅಂತಿದ್ದರೂ `Protection Off` ಅಂತ ಇರಬಹುದು. ಅಪ್‌ಡೇಟ್‌ಗೋಸ್ಕರ ನಿಲ್ಲಿಸಿ ಮತ್ತೆ ಶುರು ಮಾಡದಿದ್ದರೆ ಹೀಗಾಗುತ್ತೆ. ಆಗ ಕೀಲಿಯೇ ರಕ್ಷಣೆಯಿಲ್ಲದೆ ಡಿಸ್ಕಲ್ಲಿ ಕೂತಿರುತ್ತೆ, ಅಂದರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟ ಹಾಗೆ. ಅದಕ್ಕೇ ತಿಂಗಳಿಗೊಮ್ಮೆ `Protection On` ಇದೆಯಾ ಅಂತ ನೋಡಿ, ತಾರೀಕಿನ ಜೊತೆ ಬರೆದಿಡಬೇಕು.

ಈಗ ಮತ್ತೆ ಆ ಶುಕ್ರವಾರಕ್ಕೆ ಬರೋಣ. 9:20ಕ್ಕೆ ಅವರು ತುರ್ತು ನಂಬರಿಗೆ ಫೋನ್ ಮಾಡಿದರು. 9:40ರೊಳಗೆ ಅವರ ಎಲ್ಲಾ ಲಾಗಿನ್‌ಗಳು ರದ್ದಾದವು. ಕಳೆದ ಚೆಕ್‌ನಲ್ಲಿ `Protection On` ಇದ್ದಿದ್ದರಿಂದ ಫೈಲ್ ಬಗ್ಗೆ ಭಯ ಕಡಿಮೆ. ಒಂದು ವೇಳೆ ಡೇಟಾ ಸೋರಿದ್ದು ಗೊತ್ತಾದರೆ, 2022ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಸಣ್ಣ ಕಂಪನಿಯಾದರೂ. ಬೈತಾರೆ ಅಂತ ಹೆದರಿ ಅವರು ಸೋಮವಾರದವರೆಗೆ ಸುಮ್ಮನಿದ್ದಿದ್ದರೆ, ಎರಡು ದಿನ ಆ ಲಾಗಿನ್‌ಗಳು ತೆರೆದೇ ಇರುತ್ತಿದ್ದವು. ಹಾಗಾಗಿ ಪಾಲಿಸಿಯಲ್ಲಿ ಇನ್ನೊಂದು ಸಾಲು ಬೇಕು: ಒಂದು ಗಂಟೆಯೊಳಗೆ ಹೇಳಿದವರಿಗೆ ದಂಡ ಇಲ್ಲ.