ತುಂಬು ಗರ್ಭಿಣಿಗೆ ರಕ್ತಸ್ರಾವ: ನಿಂತಿತೆಂದು ಸುಮ್ಮನಿರಬೇಡಿ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಮನೆಯ ಸೊಸೆಗೆ ಎಂಟನೇ ತಿಂಗಳು, 32 ವಾರ. ಮೊದಲ ಹೆರಿಗೆ ಸಿಸೇರಿಯನ್. ಬೆಳಗಿನ ನಮಾಝ್‌ಗೆಂದು ಎದ್ದಾಗ ಬಟ್ಟೆ ಒದ್ದೆಯಾಗಿದೆ. ನೋಡಿದರೆ ಕೆಂಪು ರಕ್ತ. ನೋವೇನೂ ಇಲ್ಲ, ಮಗು ಎಂದಿನಂತೆ ಮಿಸುಕಾಡುತ್ತಿದೆ. ಅರ್ಧ ಗಂಟೆಯಲ್ಲಿ ರಕ್ತ ತಾನಾಗಿಯೇ ನಿಂತಿತು. "ಉಷ್ಣ ಆಗಿರಬೇಕು, ಮಲಗಮ್ಮಾ" ಎಂದರು ಅತ್ತೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಮಾಸು ಸಾಮಾನ್ಯವಾಗಿ ಗರ್ಭಕೋಶದ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಅದು ಕೆಳಗಿಳಿದು ಗರ್ಭಕೋಶದ ಬಾಯಿಯನ್ನೇ ಮುಚ್ಚಿಕೊಂಡಿರುತ್ತದೆ. ಹಿಂದೆ ಸಿಸೇರಿಯನ್ ಆದವರಲ್ಲಿ ಈ ಸಾಧ್ಯತೆ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಮಾಸಿನ ಅಂಚು ಬಿಟ್ಟುಕೊಂಡು ರಕ್ತ ಬರುತ್ತದೆ. ನೋವಿರದಿರುವುದೇ ಇದರ ಲಕ್ಷಣ. ಮೊದಲ ಸಲ ಸ್ವಲ್ಪವೇ ಬಂದು ನಿಲ್ಲಬಹುದು. ಮುಂದಿನ ಸಲ ಯಾವಾಗ, ಎಷ್ಟು ಬರುತ್ತದೆಂದು ಯಾರೂ ಹೇಳಲಾರರು.

ಆದ್ದರಿಂದ ಆ ಸೊಸೆಯನ್ನು ಆಗಲೇ ಕರೆದೊಯ್ಯಬೇಕು. ರಕ್ತದ ವ್ಯವಸ್ಥೆ ಮತ್ತು ಸಿಸೇರಿಯನ್ ಸೌಲಭ್ಯ ಎರಡೂ ಇರುವ ಆಸ್ಪತ್ರೆಯೇ ಆಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಪ್ಯಾಡ್ ಇಟ್ಟುಕೊಂಡು ಹೋಗಲಿ, ನೆನೆದ ಪ್ಯಾಡನ್ನು ಎಸೆಯದೆ ವೈದ್ಯರಿಗೆ ತೋರಿಸಲಿ. ಸ್ಕ್ಯಾನ್ ವರದಿ, ತಾಯಿ ಕಾರ್ಡ್ ಜೊತೆಗಿರಲಿ. ಒಂದು ಮಾತು ಬಹಳ ಮುಖ್ಯ: ಮಾಸು ಎಲ್ಲಿದೆ ಎಂದು ಸ್ಕ್ಯಾನಿನಲ್ಲಿ ತಿಳಿಯುವ ಮೊದಲು ಸೂಲಗಿತ್ತಿಯಾಗಲಿ, ಬೇರೆ ಯಾರೇ ಆಗಲಿ, ಒಳಗೆ ಬೆರಳು ಹಾಕಿ ಪರೀಕ್ಷಿಸಬಾರದು. ಬೆರಳು ಮಾಸಿಗೆ ತಾಗಿದರೆ ರಕ್ತ ಧಾರೆಯಾಗಿ ಹರಿಯಬಹುದು.

ಐದನೇ ತಿಂಗಳ ಸ್ಕ್ಯಾನಿನಲ್ಲಿ "ಮಾಸು ಕೆಳಗಿದೆ" ಎಂದು ಬರೆದಿದ್ದರೆ ಗಾಬರಿ ಬೇಡ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಬಾಯಿಯಿಂದ ದೂರ ಸರಿಯುತ್ತದೆ. ಆದರೆ ಸರಿದಿದೆಯೇ ಎಂದು ತಿಳಿಯಲು ಸುಮಾರು 32ನೇ ವಾರದಲ್ಲಿ ಇನ್ನೊಂದು ಸ್ಕ್ಯಾನ್ ಬೇಕೇ ಬೇಕು. ಖರ್ಚೆಂದು ಬಿಟ್ಟುಬಿಡುವುದು ಇದನ್ನೇ! ಸರಿಯದೇ ಇದ್ದರೆ ನೋವು ಬರುವವರೆಗೆ ಕಾಯದೆ ವೈದ್ಯರು ಸಿಸೇರಿಯನ್‌ಗೆ ದಿನ ಗೊತ್ತು ಮಾಡುತ್ತಾರೆ. ಅಲ್ಲಿಯವರೆಗೆ ದಾಂಪತ್ಯ ಸಂಪರ್ಕ ಬೇಡವೆಂದು ಅವರು ಹೇಳಿದರೆ ಪತಿಯೂ ಅದನ್ನು ಪಾಲಿಸಬೇಕು.

ಇನ್ನೊಂದು ತೊಂದರೆ ಇದಕ್ಕಿಂತಲೂ ಮೋಸದ್ದು. ಮಾಸು ಸರಿಯಾದ ಜಾಗದಲ್ಲೇ ಇದ್ದು, ಹೆರಿಗೆಗೆ ಮೊದಲೇ ಗೋಡೆಯಿಂದ ಬಿಟ್ಟುಕೊಳ್ಳುವುದು. ರಕ್ತದೊತ್ತಡ ಹೆಚ್ಚಿರುವವರಲ್ಲಿ, ಬಿದ್ದು ಅಥವಾ ಏಟು ತಗಲಿ ಹೊಟ್ಟೆಗೆ ಪೆಟ್ಟಾದವರಲ್ಲಿ ಇದರ ಭಯ ಹೆಚ್ಚು. ಇಲ್ಲಿ ಬಿಟ್ಟೂಬಿಡದ ಹೊಟ್ಟೆನೋವು ಇರುತ್ತದೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ, ಮಗುವಿನ ಮಿಸುಕಾಟ ಕಡಿಮೆಯಾಗುತ್ತದೆ. ರಕ್ತ ಮಾತ್ರ ಮಾಸಿನ ಹಿಂದೆಯೇ ತುಂಬಿಕೊಂಡು, ಹೊರಗೆ ನಾಲ್ಕು ಹನಿಯಷ್ಟೇ ಕಾಣಬಹುದು, ಕಾಣದೆಯೂ ಇರಬಹುದು. ಬಟ್ಟೆಯ ಕಲೆ ನೋಡಿ ಅಪಾಯವನ್ನು ಅಳೆಯಲು ಹೋದರೆ ಮೋಸಹೋಗುತ್ತೀರಿ. ತಾಯಿ ಬಿಳಿಚಿಕೊಂಡು, ಬೆವರಿ, ತಲೆ ಸುತ್ತುತ್ತಿದೆ ಎಂದರೆ ಒಳಗೆ ಬಹಳಷ್ಟು ರಕ್ತ ಹೋಗಿದೆ ಎಂದೇ ತಿಳಿಯಿರಿ. ಸ್ಕ್ಯಾನಿನಲ್ಲಿಯೂ ಇದು ಕೆಲವೊಮ್ಮೆ ಕಾಣಿಸದು. ಹಾಗಾಗಿ ಸ್ಕ್ಯಾನ್ ಸರಿಯಿದ್ದರೂ ಸ್ವಲ್ಪ ಹೊತ್ತು ಇಲ್ಲೇ ಇರಿ ಎಂದು ವೈದ್ಯರು ಹೇಳಿದರೆ, ಮನೆಗೆ ಹೋಗುವ ಅವಸರ ಮಾಡಬೇಡಿ.

ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಹೋದ ಕೂಡಲೇ ಅದನ್ನು ಹೇಳಿ. ರಕ್ತಸ್ರಾವವಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.