ಯುದ್ಧ ಮುಗಿದರೂ ಹಿಂದೆ ಸರಿಯದ ಗಡಿಯಾರ

1941ರ ಮೇ 4ರಂದು ಬ್ರಿಟನ್ನಿನ ಜನ ಗಡಿಯಾರದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಬೇಸಿಗೆಯಲ್ಲಿ ಹೀಗೆ ಮಾಡುವುದು ಅವರಿಗೆ ಹೊಸದಲ್ಲ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ಶುರುವಾದ ಪದ್ಧತಿ ಅದು. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. 1940ರ ಫೆಬ್ರುವರಿಯಲ್ಲಿ ಮುಂದೆ ಹೋಗಿದ್ದ ಮುಳ್ಳನ್ನು ಆ ವರ್ಷದ ಚಳಿಗಾಲದಲ್ಲಿ ಯಾರೂ ಹಿಂದಕ್ಕೆ ತಿರುಗಿಸಿರಲಿಲ್ಲ. ಈಗ ಅದರ ಮೇಲೆ ಇನ್ನೊಂದು ಗಂಟೆ ಸೇರಿತು. ದೇಶದ ಗಡಿಯಾರ ಗ್ರೀನಿಚ್ ವೇಳೆಗಿಂತ ಎರಡು ಗಂಟೆ ಮುಂದೆ ಹೋಯಿತು. ‘ಡಬಲ್ ಸಮ್ಮರ್ ಟೈಮ್’ ಎಂದು ಕರೆದದ್ದು ಇದನ್ನೇ.

ಇದಕ್ಕೆ ಮುಖ್ಯ ಕಾರಣ ಬ್ಲ್ಯಾಕ್‌ಔಟ್. ಜರ್ಮನ್ ವಿಮಾನಗಳಿಗೆ ಊರು ಗುರುತು ಸಿಗಬಾರದೆಂದು ಸಂಜೆಯಾದೊಡನೆ ಬೀದಿದೀಪ ಆರುತ್ತಿತ್ತು, ಮನೆಮನೆಯ ಕಿಟಕಿಗೂ ಕಪ್ಪು ಪರದೆ ಬೀಳುತ್ತಿತ್ತು. ಕಾರ್ಖಾನೆಯಿಂದ ಮನೆಗೆ ಹೊರಟವರು ಗಾಢ ಕತ್ತಲಲ್ಲಿ ತಡವರಿಸಿಕೊಂಡು ನಡೆಯಬೇಕಿತ್ತು. ರಸ್ತೆ ಅಪಘಾತಗಳೂ ಹೆಚ್ಚಿದ್ದವು. ಇದರ ಜೊತೆಗೆ ಕಲ್ಲಿದ್ದಲನ್ನು ಉಳಿಸಲೇಬೇಕಾದ ಒತ್ತಡ ಬೇರೆ.

ಲಂಡನ್ನಿನ ಜೂನ್ ತಿಂಗಳ ಒಂದು ದಿನವನ್ನು ತೆಗೆದುಕೊಂಡರೆ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಗ್ರೀನಿಚ್ ವೇಳೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು 3.43ಕ್ಕೆ, ಮುಳುಗುವುದು ರಾತ್ರಿ 8.21ರ ಹೊತ್ತಿಗೆ. ಬೆಳಗಿನ ಆ ಬೆಳಕು ಮಲಗಿದ್ದವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಗಡಿಯಾರವನ್ನು ಎರಡು ಗಂಟೆ ಮುಂದಿಟ್ಟರೆ ಸೂರ್ಯೋದಯ 5.43ಕ್ಕೆ, ಸೂರ್ಯಾಸ್ತ ರಾತ್ರಿ 10.21ಕ್ಕೆ. ಸಂಜೆ ಪಾಳಿ ಮುಗಿಸಿದ ಕಾರ್ಮಿಕ ಬೆಳಕಿರುವಾಗಲೇ ಮನೆ ಸೇರಬಹುದು, ಊಟ ಮುಗಿಯುವವರೆಗೂ ದೀಪ ಹಚ್ಚಬೇಕಿಲ್ಲ.

ಬೇಸಿಗೆ ಕಳೆದ ಮೇಲೆ ಒಂದು ಗಂಟೆ ಮಾತ್ರ ಹಿಂದಕ್ಕೆ ಬರುತ್ತಿತ್ತು. ಇನ್ನೊಂದು ಗಂಟೆ ಚಳಿಗಾಲವಿಡೀ ಹಾಗೇ ಉಳಿಯುತ್ತಿತ್ತು. ಡಿಸೆಂಬರಿನಲ್ಲಿ ಲಂಡನ್ನಿಗೆ ಬೆಳಗಾಗುವುದು ಒಂಬತ್ತು ದಾಟಿದ ಮೇಲೆ. ಸ್ಕಾಟ್ಲೆಂಡಿನ ಉತ್ತರದ ಊರುಗಳಲ್ಲಿ ಹತ್ತರ ಸಮೀಪಕ್ಕೆ. ಸಂಜೆ ಉಳಿಸಿದ ಬೆಳಕಿಗೆ ಬೆಳಗ್ಗೆಯೇ ಬೆಲೆ ತೆರಬೇಕಿತ್ತು.

ಬೇಸಿಗೆಯಲ್ಲಿ ಕಷ್ಟ ಬಿದ್ದದ್ದು ರೈತರ ಪಾಲಿಗೆ. ಹುಲ್ಲು ಕೊಯ್ದು ಒಣಗಿಸಲು, ಪೈರು ಕಟಾವು ಮಾಡಲು ಇಬ್ಬನಿ ಆರಬೇಕು. ಇಬ್ಬನಿ ಆರುವುದು ಸೂರ್ಯ ಏರಿದ ಮೇಲೆ, ಗಡಿಯಾರ ನೋಡಿ ಅಲ್ಲ. ಎರಡು ಗಂಟೆ ಮುಂದಿದ್ದ ಗಡಿಯಾರದಲ್ಲಿ ಕೂಲಿಯಾಳು ಬೆಳಗ್ಗೆ ಹೊಲಕ್ಕೆ ಬಂದಾಗ ಹುಲ್ಲು ಇನ್ನೂ ಒದ್ದೆ. ಗಾಳಿ ಬಿಸಿಲು ಹದಕ್ಕೆ ಬಂದು ಕೆಲಸ ಸರಾಗವಾಗಿ ಸಾಗುವ ಹೊತ್ತಿಗೆ ಅವನು ಮನೆಗೆ ಹೊರಡುವ ವೇಳೆ. ಸುಗ್ಗಿಯಲ್ಲಿ ರಾತ್ರಿ ಹತ್ತರವರೆಗೂ ದುಡಿದವರಿದ್ದರು. ಹಾಲು ಒಯ್ಯುವ ರೈಲು ಗಡಿಯಾರದ ಪ್ರಕಾರ ಹೊರಡುತ್ತಿದ್ದರಿಂದ ಹಸು ಕರೆಯಲು ನಟ್ಟಿರುಳಿನಂಥ ಹೊತ್ತಿನಲ್ಲೇ ಏಳಬೇಕಿತ್ತು. ನಗರದ ಕಾರ್ಮಿಕರಿಗೆ ವರವಾದ ವ್ಯವಸ್ಥೆಯೇ ಹಳ್ಳಿಯವರಿಗೆ ಹೊರೆಯಾಯಿತು.

ಈ ಗಡಿಯಾರ ಒಂದು ದೊಡ್ಡ ಚರಿತ್ರೆಯ ಒಳಗೂ ಸೇರಿಕೊಂಡಿದೆ. 1944ರ ಜೂನ್ 6ರಂದು ಅಮೆರಿಕನ್ ಸೈನಿಕರು ನಾರ್ಮಂಡಿಯ ಕಡಲತೀರಕ್ಕೆ ಇಳಿದದ್ದು ಬೆಳಗ್ಗೆ 6.30ಕ್ಕೆ ಎಂದು ಪುಸ್ತಕಗಳು ಹೇಳುತ್ತವೆ. ಅದು ಬ್ರಿಟಿಷ್ ಡಬಲ್ ಸಮ್ಮರ್ ಟೈಮ್. ಗ್ರೀನಿಚ್ ಲೆಕ್ಕದಲ್ಲಿ 4.30. ಎದುರು ಬದಿಯ ಜರ್ಮನ್ನರೂ ತಮ್ಮ ಬೇಸಿಗೆ ವೇಳೆಯಲ್ಲಿ ಗ್ರೀನಿಚ್‌ಗಿಂತ ಎರಡು ಗಂಟೆ ಮುಂದಿದ್ದರು. ಹಾಗಾಗಿ ಪರಸ್ಪರ ಗುಂಡು ಹಾರಿಸುತ್ತಿದ್ದ ಎರಡೂ ಸೇನೆಗಳ ಕೈಗಡಿಯಾರಗಳು ಒಂದೇ ಹೊತ್ತು ತೋರಿಸುತ್ತಿದ್ದವು.

ಭಾರತಕ್ಕೂ ಯುದ್ಧದ ಗಡಿಯಾರ ಬಂದಿತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಇಲ್ಲಿಯ ವೇಳೆ ಗ್ರೀನಿಚ್‌ಗಿಂತ ಐದೂವರೆ ಗಂಟೆಯ ಬದಲು ಆರೂವರೆ ಗಂಟೆ ಮುಂದಿತ್ತು. ಯುದ್ಧ ಮುಗಿಯಿತು, ಮುಳ್ಳು ಹಿಂದಕ್ಕೆ ಬಂತು. ಬ್ರಿಟನ್ ಕೂಡ 1945ರ ಅಕ್ಟೋಬರಿನಲ್ಲಿ ಗ್ರೀನಿಚ್ ವೇಳೆಗೆ ಮರಳಿತು. 1947ರ ಕಡುಚಳಿಯಲ್ಲಿ ಕಲ್ಲಿದ್ದಲಿನ ಕೊರತೆ ತಲೆದೋರಿದಾಗ ಡಬಲ್ ಸಮ್ಮರ್ ಟೈಮ್ ಒಂದು ಬೇಸಿಗೆಗೆ ಮತ್ತೆ ಬಂದು ಹೋಯಿತು, ಆಮೇಲೆ ಬರಲಿಲ್ಲ. 1968ರಿಂದ 1971ರವರೆಗೆ ವರ್ಷವಿಡೀ ಒಂದು ಗಂಟೆ ಮುಂದಿಡುವ ಪ್ರಯೋಗ ನಡೆಯಿತಾದರೂ ಚಳಿಗಾಲದ ಕತ್ತಲೆಯ ಬೆಳಗುಗಳನ್ನು, ಅದರಲ್ಲೂ ಸ್ಕಾಟ್ಲೆಂಡಿನವರು, ಒಪ್ಪಲಿಲ್ಲ. ಪಾರ್ಲಿಮೆಂಟು 366 ಮತಗಳಿಗೆ 81ರಂತೆ ಅದನ್ನು ಕೈಬಿಟ್ಟಿತು.

ಹಾಗಾದರೆ ಯುದ್ಧದ ಗಡಿಯಾರವನ್ನು ಉಳಿಸಿಕೊಂಡವರು ಯಾರು? ಹೆಚ್ಚಾಗಿ, ಅದನ್ನು ತಾವಾಗಿ ಆರಿಸಿಕೊಂಡಿರದ ದೇಶಗಳು.

ನೆದರ್‌ಲ್ಯಾಂಡ್ಸ್‌ಗೆ ಯುದ್ಧಕ್ಕೆ ಮೊದಲು ತನ್ನದೇ ಆದ ಆಮ್‌ಸ್ಟರ್‌ಡ್ಯಾಮ್ ವೇಳೆ ಇತ್ತು; ಗ್ರೀನಿಚ್‌ಗಿಂತ ಇಪ್ಪತ್ತು ನಿಮಿಷ ಮುಂದೆ. 1940ರ ಮೇ 14ರಂದು ರಾಟರ್‌ಡ್ಯಾಮ್ ನಗರದ ಮೇಲೆ ಬಾಂಬು ಬಿದ್ದವು, ಮರುದಿನ ಡಚ್ ಸೇನೆ ಶರಣಾಯಿತು, ಅದರ ಮರುದಿನವೇ ದೇಶದ ಗಡಿಯಾರ ಒಂದು ಗಂಟೆ ನಲವತ್ತು ನಿಮಿಷ ಮುಂದೆ ಹಾರಿ ಬರ್ಲಿನ್ನಿನ ಬೇಸಿಗೆ ವೇಳೆಗೆ ಕೂಡಿಕೊಂಡಿತು. ಯುದ್ಧದ ನಂತರ ಬೇಸಿಗೆಯ ಹೆಚ್ಚುವರಿ ಗಂಟೆ ಹೋಯಿತೇ ಹೊರತು ಆಮ್‌ಸ್ಟರ್‌ಡ್ಯಾಮ್ ವೇಳೆ ಮತ್ತೆ ಬರಲಿಲ್ಲ. ಬೆಲ್ಜಿಯಂ ಕೂಡ ಹಾಗೆಯೇ. ಮೊದಲ ಮಹಾಯುದ್ಧದ ನಂತರ ಜರ್ಮನ್ ವೇಳೆಯನ್ನು ಕಿತ್ತುಹಾಕಿ ಗ್ರೀನಿಚ್‌ಗೆ ಮರಳಿದ್ದ ಅದೇ ದೇಶ ಎರಡನೆಯ ಸಲ ಮರಳಲಿಲ್ಲ.

ಫ್ರಾನ್ಸಿನ ಕಥೆಯಲ್ಲಿ ಈ ಹಿಂಜರಿಕೆಯ ಕಾರಣ ಕಾಣುತ್ತದೆ. 1940ರ ಜೂನಿನಲ್ಲಿ ಪ್ಯಾರಿಸ್ಸಿಗೆ ನುಗ್ಗಿದ ಜರ್ಮನ್ ಸೇನೆ ತನ್ನ ವೇಳೆಯನ್ನು ಆಕ್ರಮಿತ ಪ್ರದೇಶಕ್ಕೆ ಹೇರಿತು. ವಿಶಿ ಸರ್ಕಾರದ ಕೈಯಲ್ಲಿದ್ದ ದಕ್ಷಿಣ ಭಾಗ ಹಳೆಯ ವೇಳೆಯಲ್ಲೇ ಉಳಿಯಿತು. ಒಂದೇ ದೇಶದೊಳಗೆ ಎರಡು ವೇಳೆ. ಗಡಿರೇಖೆ ದಾಟುವ ಪ್ರತಿ ರೈಲಿನ ವೇಳಾಪಟ್ಟಿಯಲ್ಲೂ ಒಂದು ಗಂಟೆಯ ಗೊಂದಲ. ಕೊನೆಗೆ 1941ರಲ್ಲಿ ವಿಶಿ ಸರ್ಕಾರವೇ ಜರ್ಮನ್ ವೇಳೆಗೆ ಹೊಂದಿಕೊಂಡಿತು. ಬಿಡುಗಡೆಯ ನಂತರ ಎರಡು ಹಂತಗಳಲ್ಲಿ ಗ್ರೀನಿಚ್ ವೇಳೆಗೆ ಇಳಿಯುವುದೆಂದು ತೀರ್ಮಾನವಾಯಿತು. 1945ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ನಡೆಯಿತು. ನವೆಂಬರಿನ ಎರಡನೆಯ ಹಂತವನ್ನು ಸರ್ಕಾರ ರದ್ದುಮಾಡಿತು. ಆ ಹೊತ್ತಿಗೆ ಅಕ್ಕಪಕ್ಕದ ದೇಶಗಳೆಲ್ಲ ಅದೇ ವೇಳೆಯಲ್ಲಿದ್ದವು. ರೈಲು, ಅಂಚೆ, ವ್ಯಾಪಾರ ಎಲ್ಲವೂ ನೆರೆಯವರ ಜೊತೆ ಸಾಗಬೇಕಾದಾಗ ಒಬ್ಬರೇ ಹಿಂದೆ ಸರಿಯುವುದು ನಷ್ಟದ ಬಾಬತ್ತು.

ಸ್ಪೇನನ್ನು ಯಾರೂ ಆಕ್ರಮಿಸಿರಲಿಲ್ಲ. ಆದರೂ ಅದರ ಗಡಿಯಾರ ಇಂದಿಗೂ ಯುದ್ಧಕಾಲದ್ದೇ. 1940ರ ಮಾರ್ಚ್ 7ರಂದು ಫ್ರಾಂಕೋ ಸರ್ಕಾರ ಒಂದು ಆದೇಶ ಹೊರಡಿಸಿತು: ಮಾರ್ಚ್ 16ರ ಶನಿವಾರ ರಾತ್ರಿ ಹನ್ನೊಂದಾದಾಗ ಗಡಿಯಾರವನ್ನು ಹನ್ನೆರಡಕ್ಕೆ ಇಡಬೇಕು. ಮಾಮೂಲಿ ವೇಳೆಗೆ ಮರಳುವ ದಿನಾಂಕವನ್ನು ಸಕಾಲದಲ್ಲಿ ತಿಳಿಸಲಾಗುವುದು ಎಂಬ ಮಾತೂ ಅದರಲ್ಲಿತ್ತು. ಆ ದಿನಾಂಕ ಪ್ರಕಟವಾಗಲೇ ಇಲ್ಲ.

ಹಿಟ್ಲರನನ್ನು ಮೆಚ್ಚಿಸಲು ಫ್ರಾಂಕೋ ಹೀಗೆ ಮಾಡಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಾರೀಕುಗಳನ್ನು ಜೋಡಿಸಿ ನೋಡಿದರೆ ಆ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಮೂರು ವಾರ ಮೊದಲೇ ಬ್ರಿಟನ್, ಫ್ರಾನ್ಸ್, ಪೋರ್ಚುಗಲ್ ಮೂರೂ ಗಡಿಯಾರ ಮುಂದಿಟ್ಟಿದ್ದವು. ಸ್ಪೇನ್ ಸೇರಿಕೊಂಡದ್ದು ಅವುಗಳ ಸಾಲಿಗೂ ಹೌದು. ಜರ್ಮನಿಯಂತೂ ಏಪ್ರಿಲ್ 1ರಂದು ಇನ್ನೊಂದು ಗಂಟೆ ಮುಂದೆ ಹೋಯಿತು. ಗಮನಿಸಬೇಕಾದದ್ದು ಸ್ಪೇನ್ ಯಾಕೆ ಮುಂದೆ ಹೋಯಿತು ಎನ್ನುವುದಕ್ಕಿಂತ ಯಾಕೆ ಹಿಂದೆ ಬರಲಿಲ್ಲ ಎನ್ನುವುದನ್ನೇ. ಅದಕ್ಕೆ ಕಾರಣ ಫ್ರಾನ್ಸಿಗಿದ್ದದ್ದೇ: ಯುದ್ಧ ಮುಗಿಯುವ ಹೊತ್ತಿಗೆ ಪಿರೆನೀಸ್ ಬೆಟ್ಟಗಳ ಆಚೆಯ ಯುರೋಪು ಅದೇ ವೇಳೆಗೆ ಒಗ್ಗಿಹೋಗಿತ್ತು.

ಗ್ರೀನಿಚ್ ರೇಖೆ ಹಾದುಹೋಗುವುದು ಸ್ಪೇನಿನ ಪೂರ್ವ ಭಾಗದಲ್ಲಿ. ದೇಶದ ಬಹುಪಾಲು ಅದರ ಪಶ್ಚಿಮಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಸ್ಪೇನಿಗೆ ಸಲ್ಲಬೇಕಾದದ್ದು ಗ್ರೀನಿಚ್ ವೇಳೆ. 1974ರಲ್ಲಿ ತೈಲ ಬಿಕ್ಕಟ್ಟಿನ ನಂತರ ಅಲ್ಲಿ ಬೇಸಿಗೆ ವೇಳೆ ಮತ್ತೆ ಬಂತು, ಫ್ರಾನ್ಸಿನಲ್ಲಿ 1976ರಲ್ಲಿ. ಯುದ್ಧದಿಂದ ಉಳಿದ ಒಂದು ಗಂಟೆಯ ಮೇಲೆ ಬೇಸಿಗೆಯ ಇನ್ನೊಂದು ಗಂಟೆ ಕೂತಿತು. ಬ್ರಿಟನ್ 1947ರಲ್ಲಿ ಬಿಟ್ಟುಕೊಟ್ಟ ಡಬಲ್ ಸಮ್ಮರ್ ಟೈಮ್, ಆ ಹೆಸರಿಲ್ಲದೆ, ಈ ಎರಡು ದೇಶಗಳ ಮಾಮೂಲಿ ಬೇಸಿಗೆಯಾಗಿ ಹೋಗಿದೆ.

ಸ್ಪೇನಿನ ವಾಯವ್ಯ ತುದಿಯ ವೀಗೊ ಬಂದರಿನಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಜೂನಿನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ 2.40ರ ಸುಮಾರಿಗೆ, ಮುಳುಗುವುದು ರಾತ್ರಿ ಹತ್ತೂಕಾಲರ ಹೊತ್ತಿಗೆ. ಸ್ಪೇನಿನವರು ಮಧ್ಯಾಹ್ನದ ಊಟಕ್ಕೆ ಎರಡು ಗಂಟೆಯ ಮೇಲೆ ಕೂರುತ್ತಾರೆಂದು ಪ್ರವಾಸಿಗರು ಬೆರಗಾಗುವುದುಂಟು. ಸೂರ್ಯನನ್ನು ನೋಡಿದರೆ ಅದು ಸರಿಯಾಗಿ ನಡುಹಗಲಿನ ಊಟ.

ವೀಗೊ ದಾಟಿ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಮಿನ್ಯೊ ನದಿ. ಈ ದಡದಲ್ಲಿ ಸ್ಪೇನಿನ ತುಯಿ, ಆ ದಡದಲ್ಲಿ ಪೋರ್ಚುಗಲ್‌ನ ವಲೆನ್ಸ, ನಡುವೆ ಹತ್ತೊಂಬತ್ತನೆಯ ಶತಮಾನದ ಒಂದು ಕಬ್ಬಿಣದ ಸೇತುವೆ. ಸೇತುವೆ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಪೋರ್ಚುಗಲ್ ಕೂಡ 1942ರಿಂದ 1945ರವರೆಗೆ ಬೇಸಿಗೆಯಲ್ಲಿ ಎರಡು ಗಂಟೆ ಮುಂದಿಟ್ಟಿತ್ತು. ಆದರೆ ವಾಪಸು ಬಂತು. ಆಮೇಲೆ 1966ರಿಂದ ಹತ್ತು ವರ್ಷ, 1992ರಿಂದ ನಾಲ್ಕು ವರ್ಷ ಯುರೋಪಿನ ನಡುಭಾಗದ ವೇಳೆಯನ್ನು ಪ್ರಯತ್ನಿಸಿ ನೋಡಿ, ಎರಡು ಸಲವೂ ಬಿಟ್ಟುಬಿಟ್ಟಿತು. ಚಳಿಗಾಲದ ಬೆಳಗ್ಗೆ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೋಗಬೇಕಾದದ್ದು ಜನರಿಗೆ ಒಗ್ಗಲಿಲ್ಲ.

ಸ್ಪೇನಿನಲ್ಲೂ ಗ್ರೀನಿಚ್‌ಗೆ ಮರಳುವ ಮಾತು ಆಗಾಗ ಏಳುತ್ತದೆ. 2013ರಲ್ಲಿ ಸಂಸತ್ತಿನ ಸಮಿತಿಯೊಂದು ಅದನ್ನು ಸೂಚಿಸಿತು, 2016ರಲ್ಲಿ ಪ್ರಧಾನಿ ಮಾರಿಯಾನೊ ರಹೋಯ್ ಅದೇ ಮಾತಾಡಿದರು. ಆದರೆ ಪೂರ್ವದ ಬಲಿಯಾರಿಕ್ ದ್ವೀಪಗಳ ಶಾಸನಸಭೆ ಅದೇ ವರ್ಷ ಕೇಳಿದ್ದು ಇದಕ್ಕೆ ತದ್ವಿರುದ್ಧ: ಬೇಸಿಗೆ ವೇಳೆಯನ್ನು ವರ್ಷವಿಡೀ ಇಡಿ ಎಂದು. ಚಳಿಗಾಲದಲ್ಲಿ ಅವರಿಗೆ ಬೇಗ ಕತ್ತಲಾಗುತ್ತದೆ, ಸಂಜೆಯ ಬೆಳಕು ಪ್ರವಾಸೋದ್ಯಮಕ್ಕೆ ಬೇಕು. ಪಶ್ಚಿಮದವರ ಬೆಳಗ್ಗೆಗೂ ಪೂರ್ವದವರ ಸಂಜೆಗೂ ಒಂದೇ ವೇಳೆ ಹೊಂದುವುದಿಲ್ಲ. ಅದರಿಂದಾಗಿ ಯಾವ ಸರ್ಕಾರವೂ ಮುಳ್ಳಿಗೆ ಕೈಹಾಕಿಲ್ಲ.

2019ರ ಮಾರ್ಚಿನಲ್ಲಿ ಯುರೋಪಿಯನ್ ಪಾರ್ಲಿಮೆಂಟು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದನ್ನೇ ನಿಲ್ಲಿಸಲು ಮತ ಹಾಕಿತು. ಹಾಗೆ ನಿಲ್ಲಿಸಿದರೆ ಪ್ರತಿ ದೇಶವೂ ಒಂದು ಕಾಯಂ ವೇಳೆಯನ್ನು ಆರಿಸಿಕೊಳ್ಳಬೇಕಾಗುತ್ತದೆ, 1945ರಲ್ಲಿ ಬಿಟ್ಟುಹೋದ ಪ್ರಶ್ನೆ ಆಗ ತಪ್ಪದೆ ಎದುರಾಗುತ್ತದೆ. ಆ ಪ್ರಸ್ತಾಪಕ್ಕೆ ಸದಸ್ಯ ದೇಶಗಳ ಸರ್ಕಾರಗಳು ಒಮ್ಮತಕ್ಕೆ ಬಂದಿಲ್ಲ. ಸ್ಪೇನಿನ ಗಡಿಯಾರ ಪ್ರತಿ ವರ್ಷ ಮಾರ್ಚಿನ ಕೊನೆಯ ಭಾನುವಾರ ಗ್ರೀನಿಚ್‌ಗಿಂತ ಎರಡು ಗಂಟೆ ಮುಂದೆ ಹೋಗುತ್ತಿದೆ.